ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಕಲಬುರಗಿಯ ರಸ್ತೆಗಳಲ್ಲಿ ಪೊಲೀಸರ ಜೊತೆ ನಿಲ್ಲುವ ಸಂಚಾರ ಸ್ವಯಂಸೇವಕರ ಪರವಾಗಿ ಮಾತಾಡುತ್ತಿದ್ದೇನೆ. ಇವತ್ತಿನ ಮಾತು ಗಾಡಿಯ ಹಿಂದೆ ಕೂರುವವರಿಗೆ. ಅದರಲ್ಲೂ ಸೀರೆ ಉಟ್ಟು, ಎರಡೂ ಕಾಲು ಒಂದೇ ಕಡೆ ಹಾಕಿ ಕೂರುವ ಅಕ್ಕಂದಿರಿಗೆ, ಅವ್ವಂದಿರಿಗೆ.

ಜಗತ್ ಸರ್ಕಲ್‌ನಲ್ಲಿ ನಿಂತಾಗ ದಿನಾ ನೋಡುತ್ತೇವೆ. ಓಡಿಸುವವರ ತಲೆ ಮೇಲೆ ಹೆಲ್ಮೆಟ್, ಹಿಂದಿನವರ ತಲೆ ಮೇಲೆ ಬರೀ ಸೆರಗು. ಕೇಳಿದರೆ, "ನಾ ಎಲ್ಲಿ ಗಾಡಿ ಹೊಡೀತೀನ್ರಿ?" ಅನ್ನುತ್ತಾರೆ. ಕೆಲವರ ಹೆಲ್ಮೆಟ್ ಮೊಣಕೈಗೆ ನೇತಾಡುತ್ತಿರುತ್ತದೆ, ಪೊಲೀಸರು ಕಂಡಾಗ ಮಾತ್ರ ತಲೆಗೆ ಏರುತ್ತದೆ.

ಅಕ್ಕಾ, ಗಾಡಿ ಹೊಡೆಯದೇ ಇರುವುದರಿಂದಲೇ ನಿಮಗೆ ಅಪಾಯ ಜಾಸ್ತಿ. ಓಡಿಸುವವರಿಗೆ ಮುಂದಿನ ಹಂಪ್ ಕಾಣುತ್ತದೆ, ಹಿಡಿಯಲು ಹ್ಯಾಂಡಲ್ ಇದೆ. ನಿಮಗೆ ಕಾಣುವುದು ಅವರ ಬೆನ್ನು. ಒಂದು ಕೈ ಸೀಟಿನ ಹಿಂದಿನ ಹಿಡಿಕೆ ಮೇಲೆ, ಇನ್ನೊಂದರಲ್ಲಿ ಸಂತೆ ಚೀಲ. ಸೂಪರ್ ಮಾರ್ಕೆಟ್‌ನಿಂದ ತರಕಾರಿ ತಗೊಂಡು ಹೊರಟಿದ್ದೀರಿ ಅಂದುಕೊಳ್ಳಿ. ಬಣ್ಣ ಅಳಿಸಿಹೋದ ಒಂದು ಹಂಪ್ ಬರುತ್ತದೆ. ಹಿಂದಿನ ಗಾಲಿ ಎಗರುತ್ತದೆ, ಸೀಟು ನಿಮ್ಮನ್ನು ಮೇಲಕ್ಕೆ ಎತ್ತುತ್ತದೆ. ಗಾಡಿಗೆ ಏನೂ ಆಗುವುದಿಲ್ಲ, ಅದು ಮುಂದೆ ಹೋಗುತ್ತದೆ. ನೀವು ಮಾತ್ರ ಕೆಳಗೆ. ಒಂದೇ ಕಡೆ ಕೂತವರಿಗೆ ಕಾಲಿಂದ ಸೀಟು ಬಿಗಿ ಹಿಡಿಯಲು ಆಗುವುದಿಲ್ಲ. ಹಿಂದಕ್ಕೆ ಉರುಳುತ್ತಾರೆ, ತಲೆಯ ಹಿಂಭಾಗವೇ ಟಾರಿಗೆ ಬಡಿಯುತ್ತದೆ.

"ಮೆಲ್ಲಗೆ ಹೋಗ್ತೀವ್ರಿ" ಅನ್ನುವವರಿಗೂ ಒಂದು ಮಾತು. ಸೀಟಿನ ಮೇಲೆ ಕೂತಾಗ ನಿಮ್ಮ ತಲೆ ನೆಲದಿಂದ ಸುಮಾರು ಐದಡಿ ಎತ್ತರದಲ್ಲಿರುತ್ತದೆ. ಗಾಡಿ ನಿಂತೇ ಇದ್ದರೂ, ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 20 ಕಿಲೋಮೀಟರ್ ಹತ್ತಿರ ಇರುತ್ತದೆ. ಹೆಲ್ಮೆಟ್ ಒಳಗಿನ ಗಟ್ಟಿ ಥರ್ಮೋಕೋಲ್ ಇರುವುದು ಇದಕ್ಕೇ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ, ತಲೆ ಒಮ್ಮೆಲೇ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ. ಕಟ್ಟಡ ಕೆಲಸದ ಟೋಪಿಯಲ್ಲಿ, ರಸ್ತೆ ಬದಿಯ ಅಗ್ಗದ ಟೋಪಿಯಲ್ಲಿ ಆ ದಪ್ಪ ಪದರ ಇಲ್ಲ. ತಲೆಯ ಹಿಂಭಾಗವೂ ಮುಚ್ಚುವುದಿಲ್ಲ. ಹಿಂದೆ ಕೂತವರಿಗೆ ಮುಚ್ಚಬೇಕಾದದ್ದೇ ಅದು, ಅಲ್ವಾ? ಐಎಸ್‌ಐ ಗುರುತಿನ ಜೊತೆ ಐಎಸ್ 4151 ಅಂತ ಇದೆಯಾ ನೋಡಿ ಕೊಳ್ಳಿ.

ಈಗ ತುರುಬಿನ ವಿಷಯ. ನಮಗೆ ಅತಿ ಹೆಚ್ಚು ಕೇಳಿಬರುವ ತಕರಾರು ಇದು, ಮತ್ತು ಇದು ನಿಜವಾದ ತೊಂದರೆ. ಮೇಲೆ ತುರುಬು ಕಟ್ಟಿ, ಕ್ಲಿಪ್ ಹಾಕಿ, ಅದರ ಮೇಲೆ ಹೆಲ್ಮೆಟ್ ಇಟ್ಟರೆ ಅದು ತಲೆಗೆ ಕೂರುವುದೇ ಇಲ್ಲ. ಹಾಗಂತ ದೊಡ್ಡ ಸೈಜ್ ತಗೊಂಡರೆ ಬಿದ್ದಾಗ ಕಳಚಿ ಹಾರುತ್ತದೆ. ಕ್ಲಿಪ್ ತೆಗೆಯಿರಿ. ಕುತ್ತಿಗೆ ಹತ್ತಿರ ಬರುವಂತೆ ಸಡಿಲ ಜಡೆ ಹಾಕಿ, ಅದು ಹೆಲ್ಮೆಟ್ ಕೆಳಗಿಂದ ಹೊರಗೆ ಇಳಿಯಲಿ. ಸೆರಗನ್ನು ತಲೆಯಿಂದ ಇಳಿಸಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಇಲ್ಲದಿದ್ದರೆ ಅದು ಗಾಲಿಗೂ ಸಿಗಬಹುದು. ಇಳಿದ ಮೇಲೆ ಮತ್ತೆ ತಲೆ ಮೇಲೆ ಹೊದ್ದುಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮ ಬಿಸಿಲಿಗೆ ಬೆವರು ಅನಿಸಿದರೆ ತೆಳುವಾದ ಹತ್ತಿ ಬಟ್ಟೆ ಒಳಗೆ ಹಾಕಬಹುದು, ಗಂಟು ಮಾತ್ರ ಬೇಡ.

ಅಳತೆಗೆ ಟೇಲರ್ ಟೇಪ್ ಸಾಕು. ಹುಬ್ಬಿನ ಸ್ವಲ್ಪ ಮೇಲಿಂದ ತಲೆ ಸುತ್ತಿ. 58 ಸೆಂಟಿಮೀಟರ್ ಬಂದರೆ 580 ಬರೆದ ಹೆಲ್ಮೆಟ್ ಹಾಕಿ ನೋಡಿ. ಗದ್ದದ ಪಟ್ಟಿಯನ್ನು ಅದರೊಳಗೆ ಎರಡು ಬೆರಳು ಮಾತ್ರ ಹೋಗುವಷ್ಟು ಬಿಗಿ ಮಾಡಿ. ಆಮೇಲೆ ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ. ಕಣ್ಣಿನ ಮೇಲೆ ಜಾರಿದರೆ ಅದು ನಿಮ್ಮದಲ್ಲ, ಅಂಗಡಿಯವರಿಗೆ ವಾಪಸ್ ಕೊಡಿ.

ಕಾನೂನಿನ ವಿಷಯ ಸುಮ್ನೆ ಎರಡು ಮಾತಲ್ಲಿ ಮುಗಿಸುತ್ತೇನೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಇದೇ ನಿಯಮ. "ಇಲ್ಲೇ ಮನೆ, ಬಿಡ್ರಿ" ಅಂದರೆ ನಾವು ಬಿಡುವುದಿಲ್ಲ, ಬೇಜಾರಾಗಬೇಡಿ.

ಅಣ್ಣಂದಿರೇ, ಒಂದು ಕೆಲಸ ನಿಮ್ಮದು. ಹಿಂದಿನವರ ಪಟ್ಟಿಯ ಕೊಂಡಿ 'ಟಕ್' ಅಂತ ಬಿದ್ದ ಮೇಲೇ ಗಾಡಿ ಮುಂದೆ ಬಿಡಿ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಚೆನ್ನಾಗಿದೆ ಅಂತ ಹಿಂದಿನವರಿಗೆ ದಾಟಿಸಬೇಡಿ. ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಅದರ ಪಟ್ಟಿ ಕತ್ತರಿಸಿ ಎಸೆಯಿರಿ, ಇನ್ಯಾರೂ ಎತ್ತಿ ಹಾಕಿಕೊಳ್ಳದ ಹಾಗೆ.