ಪಿಎಚ್ ಯಾಕೆ ಮತ್ತೆ ಮತ್ತೆ ಏರುತ್ತದೆ?

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಎರಡು ಬಾಟಲಿ ನೀರಿದೆ. ಒಂದು ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟ್ ಪೂಲಿನಿಂದ ತುಂಬಿಕೊಂಡದ್ದು. ಮೊಣಕೈ ಮುಳುಗುವಷ್ಟು ಆಳದಿಂದ ತೆಗೆದದ್ದು, ಯಾಕಂದ್ರೆ ಮೇಲ್ಪದರದ ನೀರು ಸರಿಯಾದ ಲೆಕ್ಕ ಕೊಡುವುದಿಲ್ಲ. ಇನ್ನೊಂದು ಬಾಟಲಿಯ ವಿಷಯ ಆಮೇಲೆ.

ಮೊದಲು ಹೋದ ಏಪ್ರಿಲ್ ನೆನಪಿಸಿಕೊಳ್ಳಿ. ನೀರು ಗಂಜಿ ತಿಳಿಯ ಹಾಗೆ ಮಬ್ಬಾಗಿತ್ತು. ಟೈಲ್ಸ್ ಅಂಚಿನಲ್ಲಿ ಬಿಳಿ ಪಟ್ಟೆ. ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬರುತ್ತಿದ್ದರು. 'ಕ್ಲೋರಿನ್ ಜಾಸ್ತಿ ಸುರೀತಾರೆ, ವಾಸನೆ ನೋಡಿ' ಅಂತ ನಾವೆಲ್ಲ ಪೂಲ್ ನೋಡಿಕೊಳ್ಳುವ ಹುಡುಗನ ಮೇಲೆ ಹಾರಾಡಿದೆವು. ನಾನೂ ಹಾರಾಡಿದೆ. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೂತವನು ನಾನು, ಬಾಯಿ ಬಿಡುವ ಮೊದಲು ಒಂದು ಪರೀಕ್ಷೆ ಮಾಡಬೇಕಿತ್ತು.

ಆ ಹುಡುಗ ದಿನಾ ಪರೀಕ್ಷೆ ಮಾಡುತ್ತಲೇ ಇದ್ದ. ಅವನ ಹತ್ತಿರ ಇದ್ದದ್ದು ಎರಡು ಸೀಸೆಯ ಕಿಟ್. ಒಂದು ಹನಿ ಹಾಕಿದರೆ ಹಳದಿ, ಅದು ಕ್ಲೋರಿನ್. ಇನ್ನೊಂದು ಹಾಕಿದರೆ ಕೆಂಪು, ಅದು ಪಿಎಚ್, ಅಂದರೆ ನೀರು ಎಷ್ಟು ಆಸಿಡ್, ಎಷ್ಟು ಕ್ಷಾರ ಅನ್ನುವ ಅಳತೆ. ಪುಸ್ತಕದಲ್ಲಿ ಬರೆದಿಟ್ಟಿದ್ದ: ಕ್ಲೋರಿನ್ 2, ಪಿಎಚ್ 8.2. ಆಸಿಡ್ ಒಂದು ಲೀಟರ್ ಹಾಕಿದೆ. ಎರಡು ದಿನ ಬಿಟ್ಟು ಮತ್ತೆ ಪಿಎಚ್ 8.2. ಮತ್ತೆ ಒಂದು ಲೀಟರ್. ಹೀಗೆ ಪುಟಗಟ್ಟಲೆ. ಅವನು ಸುಳ್ಳು ಬರೆದಿರಲಿಲ್ಲ. ಅವನ ಕಿಟ್‌ನಲ್ಲಿ ಮೂರನೇ ಸೀಸೆ ಇರಲಿಲ್ಲ, ಅಷ್ಟೇ.

ಆ ಮೂರನೇ ಸೀಸೆ ಇಲ್ಲಿದೆ. ಆಲ್ಕಲಿನಿಟಿ ಪರೀಕ್ಷೆ. 25 ಮಿಲಿ ಪೂಲ್ ನೀರು ತೆಗೆದುಕೊಂಡಿದ್ದೇನೆ. ಮೊದಲು ಕ್ಲೋರಿನ್ ಕಳೆಯುವ ಎರಡು ಹನಿ, ಆಮೇಲೆ ಬಣ್ಣದ ಐದು ಹನಿ. ನೋಡಿ, ಹಸಿರಾಯಿತು. ಈಗ ಆಸಿಡ್ ಹನಿ ಒಂದೊಂದೇ ಬಿಡುತ್ತೇನೆ, ನೀವು ಎಣಿಸಿ. ಒಂಬತ್ತು, ಕೆಂಪಾಯಿತು. ಈ ಕಿಟ್‌ನಲ್ಲಿ ಒಂದು ಹನಿ ಅಂದರೆ 10 ಪಿಪಿಎಂ, ಲೀಟರಿಗೆ 10 ಮಿಲಿಗ್ರಾಂ. ಅಲ್ಲಿಗೆ ಇವತ್ತು 90. ಏಪ್ರಿಲ್‌ನಲ್ಲಿ ನಾನು ಎಣಿಸಿದಾಗ 24 ಹನಿ ಬೇಕಾಗಿತ್ತು. ನಮ್ಮಂಥ ಪೂಲಿಗೆ 80ರಿಂದ 120 ಸಾಕು. ನಮ್ಮಲ್ಲಿ ಇದ್ದದ್ದು 240.

ಇದು ಬಂದದ್ದು ಎಲ್ಲಿಂದ? ಟ್ಯಾಂಕರ್ ತರುವ ಬೋರ್‌ವೆಲ್ ನೀರಿನಿಂದ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಬಂಡೆಯನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಕರಗಿದ್ದು ಬೈಕಾರ್ಬನೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ಆಲ್ಕಲಿನಿಟಿ ಅಂದರೆ ಹೆಚ್ಚುಕಡಿಮೆ ಅದೇ. ಈ ನೀರಿಗೆ ಆಸಿಡ್ ಹಾಕಿದರೆ ಬೈಕಾರ್ಬನೇಟ್ ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ನೀರಲ್ಲಿ ಕರಗಿ ಇರುವಷ್ಟು ಹೊತ್ತು ಪಿಎಚ್ ಕೆಳಗಿರುತ್ತದೆ. ಆದರೆ ಗೋಲಿ ಸೋಡಾ ಒಡೆದಿಟ್ಟರೆ ಗ್ಯಾಸ್ ಎಷ್ಟು ಹೊತ್ತು ಇರುತ್ತದೆ? ಪೂಲಿನಲ್ಲೂ ಅದೇ ಕಥೆ. ಗ್ಯಾಸ್ ಹಾರಿಹೋಯಿತು, ಪಿಎಚ್ ಏರಿತು. ಯಾರೂ ಏನೂ ಹಾಕದಿದ್ದರೂ ಏರುತ್ತದೆ. ಆಲ್ಕಲಿನಿಟಿ ಜಾಸ್ತಿ ಇದ್ದಷ್ಟೂ ಬೇಗ ಏರುತ್ತದೆ.

ಪಿಎಚ್ ಏರಿದರೆ ಏನಾಗುತ್ತದೆ ಅಂದರೆ, ಕ್ಲೋರಿನ್ ಇದ್ದೂ ಇಲ್ಲದ ಹಾಗೆ ಆಗುತ್ತದೆ. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಒಂದು ರೂಪ ಕ್ರಿಮಿಯನ್ನು ಚುರುಕಾಗಿ ಕೊಲ್ಲುತ್ತದೆ, ಇನ್ನೊಂದು ಬಹಳ ಮಂದ. ಪಿಎಚ್ 7.2 ಇದ್ದಾಗ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಿನದು. 8.2 ಆದರೆ ಆರರಲ್ಲಿ ಒಂದು ಪಾಲೂ ಕಷ್ಟ. ಇದು ಸ್ಟೆಬಿಲೈಸರ್, ಅಂದರೆ ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವ ರಾಸಾಯನಿಕ, ಇಲ್ಲದ ನೀರಿನ ಲೆಕ್ಕ. ಸ್ಟೆಬಿಲೈಸರ್ ಸೇರಿದರೆ ಕ್ಲೋರಿನ್ ಇನ್ನೂ ನಿಧಾನ.

ಇನ್ನು ಆ ವಾಸನೆ. ಹಳದಿ ಹನಿಯ ಪರೀಕ್ಷೆ ಒಟ್ಟು ಕ್ಲೋರಿನ್ ತೋರಿಸುತ್ತದೆ. ಕೆಲಸಕ್ಕೆ ಬರುವ ಕ್ಲೋರಿನ್ ಎಷ್ಟು, ಬೆವರು ಮೂತ್ರದ ಜೊತೆ ಸೇರಿ ಕೆಟ್ಟುಹೋದ ಕ್ಲೋರಿನ್ ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ. ಅದಕ್ಕೆ ಡಿಪಿಡಿ ಮಾತ್ರೆ ಬೇಕು. ಅದು ಗುಲಾಬಿ ಬಣ್ಣ ಕೊಡುತ್ತದೆ. ನಾನು ಹಾಕಿ ನೋಡಿದಾಗ ಒಟ್ಟು 2 ಪಿಪಿಎಂನಲ್ಲಿ ಕೆಲಸದ ಕ್ಲೋರಿನ್ ಬರೀ 0.6. ಉಳಿದ 1.4 ಕೆಟ್ಟದ್ದು. ಮೂಗಿಗೆ ಬಡಿಯುತ್ತಿದ್ದದ್ದು, ಮಕ್ಕಳ ಕಣ್ಣು ಉರಿಸುತ್ತಿದ್ದದ್ದು ಅದೇ. ಕ್ಲೋರಿನ್ ಜಾಸ್ತಿ ಅಂತ ನಾವು ಕಿರುಚುತ್ತಿದ್ದೆವು. ನಿಜ ಹೇಳಬೇಕೆಂದರೆ ಸಾಲದಾಗಿತ್ತು.

ಈಗ ಸರಿ ಮಾಡಿದ ಲೆಕ್ಕ. ನಮ್ಮ ಪೂಲ್ 14 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ ಆಳ 1.2 ಮೀಟರ್. ಒಂದು ಲಕ್ಷ ಲೀಟರ್ ಅಂದುಕೊಳ್ಳಿ. ಇಷ್ಟು ನೀರಿನಲ್ಲಿ 10 ಪಿಪಿಎಂ ಆಲ್ಕಲಿನಿಟಿ ಇಳಿಸಲು 33 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 1.9 ಲೀಟರ್ ಬೇಕು. 240ರಿಂದ 100ಕ್ಕೆ ತರಲು ಸುಮಾರು 27 ಲೀಟರ್. ಒಂದೇ ಸಲ ಸುರಿದರೆ ಪಿಎಚ್ ಪಾತಾಳಕ್ಕೆ ಹೋಗಿ ಹೀಟರ್, ಲೈಟ್ ಫಿಟಿಂಗ್, ಏಣಿ ಎಲ್ಲ ತುಕ್ಕು ಹಿಡಿಯುತ್ತವೆ. ಅದಕ್ಕೆ ಒಂದು ಸಲಕ್ಕೆ 4 ಲೀಟರ್. ಪೂಲ್ ಮುಚ್ಚಿದ ಮೇಲೆ, ಪಂಪ್ ಓಡುತ್ತಿರುವಾಗ, ಬಕೆಟ್‌ನಲ್ಲಿ ಮೊದಲು ನೀರು ತುಂಬಿ ಆಮೇಲೆ ಆಸಿಡ್ ಬೆರೆಸಿ, ಆಳದ ಕಡೆಯಿಂದ ಸುತ್ತ ಹಾಕುವುದು. ಆಸಿಡ್‌ಗೆ ನೀರು ಸುರಿಯಬಾರದು, ಸಿಡಿಯುತ್ತದೆ. ಪಿಎಚ್ 7.2ರ ಹತ್ತಿರ ಬಂತು.

ಮುಂದಿನ ಹೆಜ್ಜೆ ಕೆಲವರಿಗೆ ವಿಚಿತ್ರ ಅನ್ನಿಸಿತು. ಪಿಎಚ್ ಏರಲಿ ಅಂತಲೇ ಬಿಟ್ಟೆವು. ನೀರು ವಾಪಸ್ ಬರುವ ಬಾಯಿಗಳನ್ನು ಮೇಲಕ್ಕೆ ತಿರುಗಿಸಿ, ಮಕ್ಕಳ ಪೂಲಿನ ಚಿಲುಮೆ ಓಡಿಸಿ, ಗ್ಯಾಸ್ ಬೇಗ ಹಾರಿಹೋಗುವ ಹಾಗೆ ಮಾಡಿದೆವು. ಗ್ಯಾಸ್ ಹೋದರೆ ಪಿಎಚ್ ಏರುತ್ತದೆ, ಆಲ್ಕಲಿನಿಟಿ ಮಾತ್ರ ಇಳಿದಲ್ಲೇ ಇರುತ್ತದೆ. ಎರಡು ಮೂರು ದಿನ ಬಿಟ್ಟು ಇನ್ನೊಂದು 4 ಲೀಟರ್. ಹೀಗೆ ಏಳು ಸಲ. ಕೊನೆಕೊನೆಗೆ ಅಷ್ಟೇ ಆಸಿಡ್‌ಗೆ ಪಿಎಚ್ ಹೆಚ್ಚು ಕುಸಿಯುತ್ತದೆ, ಆಗ 2 ಲೀಟರಿಗೆ ಇಳಿಸಿಕೊಂಡೆವು.

ಕೆಟ್ಟ ಕ್ಲೋರಿನ್‌ಗೆ ಔಷಧಿ ಇನ್ನಷ್ಟು ಕ್ಲೋರಿನ್. ಕೆಟ್ಟದ್ದರ ಹತ್ತು ಪಟ್ಟು, ಅಂದರೆ 14 ಪಿಪಿಎಂ. ಹತ್ತು ಪರ್ಸೆಂಟಿನ ದ್ರವ ಕ್ಲೋರಿನ್, ಅಂದರೆ ಹೈಪೋ, 14 ಲೀಟರ್ ಒಂದು ರಾತ್ರಿ ಹಾಕಿ, ಕ್ಲೋರಿನ್ ಇಳಿಯುವವರೆಗೆ ಪೂಲ್‌ಗೆ ಬೀಗ. ಆಸಿಡ್ ಹಾಕಿದ ದಿನ ಹೈಪೋ ಹಾಕಲಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಉಸಿರು ಕಟ್ಟುತ್ತದೆ. ಎರಡರ ಕ್ಯಾನ್‌ಗಳೂ ಒಂದೇ ರೂಮಿನಲ್ಲಿ ಇರಬಾರದು.

ದ್ರವ ಹೈಪೋ ಯಾಕೆ, ಟಿಸಿಸಿಎ ಅನ್ನುವ ಕ್ಲೋರಿನ್ ಪುಡಿ ಯಾಕಲ್ಲ ಅಂತ ಯಾರೋ ಕೇಳಿದ್ದರು. ಪುಡಿ ಹಾಕುವುದು ಸುಲಭ, ನಿಜ. ಆದರೆ ಅದರಲ್ಲಿ ಸ್ಟೆಬಿಲೈಸರ್ ಬೆರೆತೇ ಬರುತ್ತದೆ. ಬಿಸಿಲಿನಿಂದ ಕ್ಲೋರಿನ್ ಉಳಿಸಲು 30ರಿಂದ 50 ಪಿಪಿಎಂ ಒಳ್ಳೆಯದೇ. ದಿನಾ 200 ಗ್ರಾಂ ಪುಡಿ ಹಾಕಿದರೆ ನಮ್ಮ ಪೂಲಿನಲ್ಲಿ ತಿಂಗಳಿಗೆ 30ಕ್ಕಿಂತ ಜಾಸ್ತಿ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಕೂತೇ ಇರುತ್ತದೆ. ಮೂರು ತಿಂಗಳಿಗೆ 100. ಆಮೇಲೆ ಅದನ್ನು ತೆಗೆಯಲು ನೀರು ಹೊರಗೆ ಬಿಡಬೇಕು. ಟ್ಯಾಂಕರ್ ದುಡ್ಡು ಕೊಟ್ಟು ತರಿಸಿದ ನೀರು, ಅಲ್ವಾ?

ಈಗ ಎರಡನೇ ಬಾಟಲಿ. ಇದು ಪೂಲಿನದಲ್ಲ, ನಿನ್ನೆ ಟ್ಯಾಂಕರ್‌ನಿಂದ ಸಂಪ್‌ಗೆ ಬಂದ ನೀರು. ಎಣಿಸಿ. ಹಸಿರೇ ಇದೆ... ಇನ್ನೂ ಹಸಿರೇ... ಮೂವತ್ತಕ್ಕೆ ಕೆಂಪಾಯಿತು. 300. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ವಾರಕ್ಕೆ ಸುಮಾರು 3,000 ಲೀಟರ್ ಈ ನೀರು ಪೂಲ್ ಸೇರುತ್ತದೆ. ಆವಿ ಹೋಗುವುದು ಬರೀ ನೀರು, ಬೈಕಾರ್ಬನೇಟ್ ಅಲ್ಲೇ ಉಳಿಯುತ್ತದೆ. ವಾರಕ್ಕೆ 9 ಪಿಪಿಎಂ ಏರಿಕೆ. ಅದಕ್ಕೇ ಪೂಲಿನ ಖರ್ಚಿನ ಪಟ್ಟಿಯಲ್ಲಿ ವಾರಕ್ಕೆ 2 ಲೀಟರ್ ಆಸಿಡ್ ಅಂತ ಇರುವುದು. ಮಳೆಗಾಲದಲ್ಲಿ ಅದು ಕಡಿಮೆಯಾಗುತ್ತದೆ. ಎಷ್ಟು ಅಂತ ಪ್ರತಿ ಸೋಮವಾರ ಹನಿ ಎಣಿಸಿ ಆ ಹುಡುಗನೇ ಗೋಡೆಯ ಬೋರ್ಡ್ ಮೇಲೆ ಬರೆಯುತ್ತಾನೆ.