ಮೂರೂವರೆಯ ಊಟ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳಿಗೆ ವಯಸ್ಸಾಗಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಆಮೇಲೆ ಹುಟ್ಟಿದ ಸಣ್ಣ ಸಂಘಗಳು ಉಪನಗರಗಳ ತುಂಬ ಇವೆ. ಬೆಳ್ಳಿ ಹಬ್ಬವೋ ವಾರ್ಷಿಕೋತ್ಸವವೋ ಬಂದರೆ ಒಂದು ಸ್ಮರಣ ಸಂಚಿಕೆ ಬರಲೇಬೇಕು. ಅದರಲ್ಲಿ ತೀರಿಕೊಂಡ ಹಿರಿಯರ ಬಗ್ಗೆ ಮನೆಯವರು ಬರೆದ ಪುಟಗಳಿರುತ್ತವೆ. ಅಂಥ ಪುಟಗಳನ್ನು ತಿದ್ದಿ ಅಚ್ಚಿಗೆ ಕೊಡುವ ಕೆಲಸ ನನ್ನದು.

ಈಚೆಗೆ ಬರುವ ಬರಹಗಳಲ್ಲಿ ತಿದ್ದುವುದಕ್ಕೇ ಏನೂ ಇರುವುದಿಲ್ಲ. ಒತ್ತಕ್ಷರ ಸರಿ, ಪೂರ್ಣವಿರಾಮ ಸರಿ. ಓದಿ ಮುಗಿಸಿದ ಮೇಲೆ ತೀರಿಕೊಂಡವರು ಯಾರು ಅಂತ ಮಾತ್ರ ಗೊತ್ತಾಗುವುದಿಲ್ಲ. ಇವತ್ತು ಅಂಥ ಒಂದೇ ಒಂದು ಬರಹದ ಬಗ್ಗೆ ಮಾತಾಡುತ್ತೇನೆ. ಬರೆದವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬೇಡ ಅಂದಿದ್ದಾರೆ.

ಡೊಂಬಿವಲಿಯ ಒಬ್ಬ ಹೆಣ್ಣುಮಗಳು ತನ್ನ ತಂದೆಯ ಬಗ್ಗೆ ಕಳಿಸಿದ ಬರಹ ಅದು. ತಂದೆ ಕುಂದಾಪುರದ ಕಡೆಯವರು. 1968ರಲ್ಲಿ, ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದರು. ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದರು, ರಾತ್ರಿ ಶಾಲೆಯಲ್ಲಿ ಓದಿದರು, ಕೊನೆಗೆ ಒಂದು ಆಫೀಸಿನ ಕ್ಯಾಂಟೀನ್ ನಡೆಸಿದರು. ಬರಹ ಹೀಗೆ ಶುರುವಾಗಿತ್ತು: 'ಶ್ರಮ, ಪ್ರಾಮಾಣಿಕತೆ ಮತ್ತು ಸರಳತೆ ನನ್ನ ತಂದೆಯವರ ಬದುಕಿನ ಮೂರು ಆಧಾರಸ್ತಂಭಗಳಾಗಿದ್ದವು. ಅವರು ಕೇವಲ ತಂದೆಯಾಗಿರಲಿಲ್ಲ, ಒಬ್ಬ ಗುರುವಾಗಿ, ಗೆಳೆಯರಾಗಿ, ಸ್ಫೂರ್ತಿಯ ಸೆಲೆಯಾಗಿದ್ದರು.'

ಕಂಪ್ಯೂಟರಿನ ಎಐಯಿಂದ ಬರೆಸಿದ್ದು ಅಂತ ಆಕೆಯೇ ಹೇಳಿದರು. ಮರೆಮಾಚಲಿಲ್ಲ. 'ನನಗೆ ಕನ್ನಡ ಮಾತಾಡಲು ಬರುತ್ತದೆ, ಬರೆದು ಅಭ್ಯಾಸವಿಲ್ಲ ಸರ್. ಮರಾಠಿ ಶಾಲೆಯಲ್ಲಿ ಓದಿದವಳು' ಅಂದರು. ಈ ಊರಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳ ಕಷ್ಟ ಇದು. ಅದಕ್ಕೆ ಅವರನ್ನು ದೂರುವುದು ತಪ್ಪು.

ಇಂಥ ಬರಹಕ್ಕೆ ನಾನು ಮಾಡುವ ಮೊದಲ ಪರೀಕ್ಷೆ ತುಂಬ ಸರಳ. ಒಂದೊಂದು ವಾಕ್ಯದಲ್ಲೂ ಹೆಸರು ಬದಲಿಸಿ ನೋಡುತ್ತೇನೆ. ಕುಂದಾಪುರದ ಹೋಟೆಲ್ ಕೆಲಸಗಾರನ ಜಾಗದಲ್ಲಿ ಧಾರವಾಡದ ಮೇಷ್ಟ್ರನ್ನು ಇಡುತ್ತೇನೆ. ಆಗಲೂ ವಾಕ್ಯ ಹಾಗೇ ನಿಂತರೆ ಅದು ಇಬ್ಬರಲ್ಲಿ ಯಾರ ಬಗ್ಗೆಯೂ ಅಲ್ಲ. ಆ ಬರಹದಲ್ಲಿ ಊರು ಮತ್ತು ಇಸವಿ ಇದ್ದ ಒಂದು ವಾಕ್ಯ ಬಿಟ್ಟರೆ ಉಳಿದದ್ದೆಲ್ಲ ಮೇಷ್ಟ್ರಿಗೂ ಸರಿಯಾಗಿ ಹೊಂದಿತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಎಐ ಬರೆಯುವುದು ತುಣುಕು ತುಣುಕಾಗಿ. ಇಲ್ಲಿಯತನಕ ಬಂದ ಮಾತುಗಳ ಮುಂದೆ ಯಾವ ತುಣುಕು ಬರುವ ಸಾಧ್ಯತೆ ಎಷ್ಟು ಅಂತ ಪ್ರತಿ ಸಲ ಲೆಕ್ಕ ಹಾಕುತ್ತದೆ. ತಾನು ಓದಿದ ಕೋಟಿಗಟ್ಟಲೆ ಪುಟಗಳಿಂದ ಕಲಿತ ಲೆಕ್ಕ ಅದು. ಸಾಧ್ಯತೆ ಜಾಸ್ತಿ ಇರುವ ತುಣುಕುಗಳ ನಡುವಿನಿಂದ ಒಂದನ್ನು ಆರಿಸುತ್ತದೆ, ಮತ್ತೆ ಮುಂದಿನ ಲೆಕ್ಕ. ಇದರ ಮೇಲೆ ಇನ್ನೊಂದು ಸುತ್ತಿನ ತರಬೇತಿ ಇರುತ್ತದೆ. ಎರಡು ಉತ್ತರ ತೋರಿಸಿ, ಇದರಲ್ಲಿ ಯಾವುದು ಚೆನ್ನಾಗಿದೆ ಅಂತ ಜನರನ್ನು ಕೇಳುತ್ತಾರೆ. ಹೆಚ್ಚು ಜನ ಮೆಚ್ಚುವುದು ಯಾರಿಗೂ ಚುಚ್ಚದ, ಅಚ್ಚುಕಟ್ಟಾದ ಮಾತನ್ನು. ಯಂತ್ರ ಆ ಕಡೆಗೇ ವಾಲುತ್ತದೆ. 'ನನ್ನ ತಂದೆ' ಅಂದ ಮೇಲೆ 'ಶ್ರಮ' ಬರುವುದು ಸಾವಿರಾರು ಪುಟಗಳಲ್ಲಿ ಇದೆ. ನಿಮ್ಮ ತಂದೆಯೊಬ್ಬರಲ್ಲಿ ಮಾತ್ರ ಇದ್ದ ಗುಣ ಯಾವ ಪುಟದಲ್ಲೂ ಇಲ್ಲ. ನೀವು ಹೇಳದೆ ಅದು ಬರುವ ದಾರಿಯೇ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ನುಣುಪು ಎಐ ತಂದದ್ದಲ್ಲ. ನಮ್ಮ ಹಳೆಯ ಅಭಿನಂದನಾ ಗ್ರಂಥಗಳನ್ನು ತೆರೆದು ನೋಡಿ. ಪುಟದಿಂದ ಪುಟಕ್ಕೆ ಎಲ್ಲರೂ ಸರಳ ಸಜ್ಜನರೇ, ಎಲ್ಲರೂ ಅಜಾತಶತ್ರುಗಳೇ. ಯಂತ್ರ ಕಲಿತದ್ದು ನಾವು ಬರೆದದ್ದರಿಂದಲೇ ಅಲ್ವಾ?

ಇನ್ನೊಂದು ಮಾತು. ಯಂತ್ರ ಬರೆದದ್ದನ್ನು ಇನ್ನೊಂದು ಯಂತ್ರದಿಂದ ಕಂಡುಹಿಡಿಯಬಹುದು ಅಂತ ಕೆಲವರು ನಂಬಿದ್ದಾರೆ. ಅದನ್ನು ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಅಂಥ ಒಂದು ಸಾಧನ ಬಿಟ್ಟು, ನಿಖರತೆ ಸಾಲದು ಎಂದು ಅದೇ ಜುಲೈಯಲ್ಲಿ ಹಿಂದೆ ತೆಗೆದುಕೊಂಡಿತು.

ಮತ್ತೆ ಡೊಂಬಿವಲಿಗೆ ಬರೋಣ. 'ಇನ್ನಷ್ಟು ವಿವರ ಬೇಕಮ್ಮಾ' ಅಂದೆ. ಆಕೆ ಅದನ್ನೇ ಎಐಗೆ ಹೇಳಿದರು. ಎರಡನೆಯ ಬರಹ ಬಂತು. ಈಗ ವಿವರ ಬೇಕಾದಷ್ಟಿತ್ತು. ತಂದೆ ನಸುಕಿಗೇ ಎದ್ದು, ಹಳೆಯ ಸೈಕಲ್ ಏರಿ, ಜಡಿಮಳೆಯಲ್ಲಿ ನೆನೆಯುತ್ತ ಹೋಟೆಲಿಗೆ ಹೋಗುತ್ತಿದ್ದರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದು ಕೊಂಕಣ ರೈಲಿನಲ್ಲಿ ಮುಂಬಯಿಗೆ ಬಂದಿಳಿದಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ವಿವರ ಇದ್ದ ಮಾತ್ರಕ್ಕೆ ಅದು ಬದುಕಿದ ವಿವರ ಆಗುವುದಿಲ್ಲ. ಬಡ ದುಡಿಮೆಗಾರ ಅಂದ ಕೂಡಲೇ ಸೈಕಲ್ ಬರುತ್ತದೆ, ಊರು ಬಿಟ್ಟವನು ಅಂದರೆ ತಗಡಿನ ಪೆಟ್ಟಿಗೆ ಬರುತ್ತದೆ. ಸಾಧ್ಯತೆಯ ಲೆಕ್ಕವೇ ವಿವರದ ವೇಷ ಹಾಕಿಕೊಂಡು ಬಂದದ್ದು ಅಷ್ಟೇ. ಡೊಂಬಿವಲಿಯಿಂದ ಫೋರ್ಟಿಗೆ ಸೈಕಲ್ಲಿನಲ್ಲಿ ಯಾರು ಹೋಗುತ್ತಾರೆ? ಲೋಕಲ್ ರೈಲಿನಲ್ಲೇ ಒಂದು ಗಂಟೆಗಿಂತ ಜಾಸ್ತಿ ಬೇಕು. ಕೊಂಕಣ ರೈಲ್ವೆಯಂತೂ ಪೂರ್ತಿಯಾಗಿ ತೆರೆದದ್ದೇ 1998ರಲ್ಲಿ. 1968ರ ಹುಡುಗ ಅದರಲ್ಲಿ ಬರುವುದು ಹೇಗೆ? ಬದುಕಿದ ವಿವರ ಅಕ್ಕಪಕ್ಕದ ಸಂಗತಿಗಳ ಜೊತೆ ಕೂಡಿಕೊಳ್ಳುತ್ತದೆ. ಊರಿನ ನಕ್ಷೆ, ರೈಲಿನ ಇಸವಿ, ಕೆಲಸದ ಹೊತ್ತು, ಇವಕ್ಕೆ ತಾಗಿಸಿ ನೋಡಿದರೆ ಕಟ್ಟಿದ ವಿವರ ಎಲ್ಲಾದರೂ ಒಂದು ಕಡೆ ಸಡಿಲವಾಗುತ್ತದೆ.

ಆಮೇಲೆ ನಾನು ಫೋನ್ ಮಾಡಿದೆ. ಬರೆಯುವುದು ಬೇಡ, ಸುಮ್ನೆ ಮಾತಾಡಿ ಅಂದೆ. 'ಅಪ್ಪ ಹೇಗಿದ್ದರು?' ಅಂತ ನಾನು ಯಾರನ್ನೂ ಕೇಳುವುದಿಲ್ಲ. ಆ ಪ್ರಶ್ನೆಗೆ ಬರುವುದು ಗುಣವಾಚಕಗಳೇ: ಒಳ್ಳೆಯವರು, ಶಾಂತ ಸ್ವಭಾವದವರು. ಬದಲಿಗೆ, 'ಮನೆಯಲ್ಲಿದ್ದ ದಿನ ಎಷ್ಟು ಗಂಟೆಗೆ ಊಟ ಮಾಡುತ್ತಿದ್ದರು?' ಅಂತ ಕೇಳಿದೆ.

ಆಕೆ ಯೋಚನೆಯನ್ನೇ ಮಾಡಲಿಲ್ಲ. 'ಮೂರೂವರೆಗೆ' ಅಂದರು.

ಭಾನುವಾರವೂ ಮೂರೂವರೆ. ಗಣಪತಿ ಹಬ್ಬಕ್ಕೂ ಮೂರೂವರೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಅದೇ. ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲು ಇಳಿದು, ಟೇಬಲ್ ಒರೆಸಿ ಆದ ಮೇಲಷ್ಟೇ ಕೆಲಸದವರ ಊಟ. ಹುಡುಗನಾಗಿದ್ದಾಗ ಹೊಟ್ಟೆಗೆ ಅಂಟಿದ ಆ ಹೊತ್ತು ಮತ್ತೆ ಬಿಡಲೇ ಇಲ್ಲ. ಒಂದು ಗಂಟೆಗೆ ತಟ್ಟೆ ಇಟ್ಟರೆ 'ಹಸಿವಿಲ್ಲ' ಅನ್ನುತ್ತಿದ್ದರಂತೆ. ಅದು ನಿಜವೇ. ಹಸಿವು ಇರುತ್ತಿರಲಿಲ್ಲ.

ಇದನ್ನು ಕೇಳುವಾಗ ಹಿಂದಿನಿಂದ ಆಕೆಯ ತಾಯಿಯ ದನಿ ಬಂತು: 'ಅವರ ಜೊತೆ ಕೂತು ಉಂಡ ನೆನಪೇ ಇಲ್ಲ ನನಗೆ.' ಮಕ್ಕಳಿಗೆ ಒಂದು ಗಂಟೆಗೆ ಬಡಿಸಬೇಕು, ಗಂಡನಿಗೆ ಮೂರೂವರೆಗೆ. ಆಕೆಯ ಅಡುಗೆಮನೆ ಮಧ್ಯಾಹ್ನವಿಡೀ ಮುಚ್ಚುತ್ತಿರಲಿಲ್ಲ. ಆ ದನಿಯಲ್ಲಿ ಬೇಸರ ಇತ್ತು.

'ಶ್ರಮಜೀವಿ' ಅಂತ ಬರೆದರೆ ಯಾರಿಗೂ ನಷ್ಟವಿಲ್ಲ. ಮೂರೂವರೆಯ ಊಟಕ್ಕೆ ಒಂದು ಕಾರಣ ಇದೆ, ಅದರ ಬೆಲೆ ಕೊಟ್ಟ ಇನ್ನೊಬ್ಬರು ಮನೆಯಲ್ಲೇ ಇದ್ದಾರೆ. ನಾನು ಈಗ ಬರಹಗಳಲ್ಲಿ ಹುಡುಕುವುದು ಇದನ್ನೇ. ವಿವರದ ಹಿಂದೆ ಕಾರಣ ಇದೆಯೇ, ಮುಂದೆ ಯಾರಿಗಾದರೂ ಅದು ತಾಗಿತೇ? ಸೈಕಲ್ಲಿಗೆ ಎರಡೂ ಇರಲಿಲ್ಲ.

ಮಾತು ಬೆಳೆಯುತ್ತ ಇನ್ನೊಂದು ಬಂತು. ತಂದೆ ನೂಲನ್ನು ಕತ್ತರಿಯಿಂದ ಕತ್ತರಿಸುತ್ತಿರಲಿಲ್ಲ. ಬೆರಳಿಗೆ ಒಂದು ಸುತ್ತು ಹಾಕಿ ಜಗ್ಗಿದರೆ ತುಂಡಾಗುತ್ತಿತ್ತು. ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿ ಕಟ್ಟಿ ಬಂದ ಕೈಚಳಕ. ಮಗಳ ಶಾಲೆಯ ಪುಸ್ತಕಗಳನ್ನೂ ಇಡ್ಲಿಯ ಪೊಟ್ಟಣದ ಹಾಗೇ ಕಾಗದ ಸುತ್ತಿ ನೂಲು ಕಟ್ಟಿ ಕೊಡುತ್ತಿದ್ದರು. ಅವಳಿಗೆ ನಾಚಿಕೆಯಾಗುತ್ತಿತ್ತು. ಶಾಲೆಯ ತಿರುವಿನಲ್ಲಿ ನೂಲು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

ಕೊರತೆಗಳ ಬಗ್ಗೆಯೂ ಹೇಳಬೇಕು. ಯಂತ್ರದಿಂದ ಬೇರೆಯಾಗಿ ಕಾಣಲಿ ಅಂತ ಕೆಲವರು ಬೇಕೆಂದೇ ಕಾಗುಣಿತ ತಪ್ಪು ಉಳಿಸುತ್ತಾರೆ. ಅದರಿಂದ ಏನೂ ಆಗದು. ಮಹಾಪ್ರಾಣ ಬಿಟ್ಟುಹೋದರೆ ನಾನು ಹಾಕುತ್ತೇನೆ. ನಾನು ಮುಟ್ಟದೆ ಬಿಡುವ ಕೊರತೆ ಬೇರೆ. ಫೋನಿನ ಮಾತಿನ ಮೇಲೆ ಈಕೆ ಬರೆದ ಹೊಸ ಬರಹದಲ್ಲಿ ಅಪ್ಪನ ಮದುವೆಗೆ ಒಂದೇ ಸಾಲು, ನೂಲಿಗೆ ಒಂದು ಪುಟ. ಸಮಿತಿಯವರಿಗೆ ಅದು ಸರಿ ಕಾಣಲಿಲ್ಲ. ಮದುವೆ ಜಾಸ್ತಿ ಬರಲಿ ಅಂದರು. ಆದರೆ ಮಗಳು ಆ ಮದುವೆ ನೋಡಿಲ್ಲ, ನೂಲು ನೋಡಿದ್ದಾಳೆ. ಆ ಏರುಪೇರು ನೆನಪಿನ ನಿಜವಾದ ಅಳತೆ. ಅದನ್ನು ಸಮ ಮಾಡಿದರೆ ಬರೆದವಳೇ ಕಾಣೆಯಾಗುತ್ತಾಳೆ. ಹಾಗೇ ಉಳಿಸಿದೆವು.

ರಾತ್ರಿ ಶಾಲೆಯ ವಿಷಯದಲ್ಲಿ ಮನೆಯಲ್ಲೇ ಎರಡು ಮಾತಿತ್ತು. ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದರು ಅಂತ ಅಣ್ಣ ಹೇಳುತ್ತಾನೆ. ಪರೀಕ್ಷೆಗೆ ಕೂರುವ ಮೊದಲೇ ಬಿಟ್ಟರು ಅಂತ ಈಕೆಯ ನೆನಪು. ಎಐಯ ಬರಹದಲ್ಲಿ 'ಉನ್ನತ ಅಂಕಗಳೊಂದಿಗೆ ತೇರ್ಗಡೆಯಾದರು' ಅಂತಿತ್ತು. ಖಾಲಿ ಜಾಗ ಕಂಡರೆ ತುಂಬಿಬಿಡುವುದು ಅದರ ಸ್ವಭಾವ. ಅಂಕಪಟ್ಟಿ ಮನೆಯಲ್ಲಿ ಸಿಗಲಿಲ್ಲ. ಅಣ್ಣ ಹೀಗೆ ಹೇಳುತ್ತಾನೆ, ನನಗೆ ನೆನಪಿರುವುದು ಹೀಗೆ ಅಂತ ಎರಡನ್ನೂ ಬರೆಯಿರಿ ಅಂದೆ. ಬರೆದರು.

ಅಚ್ಚಿಗೆ ಕೊಡುವ ಮೊದಲು ಒಂದು ಕೆಲಸ ಮಾಡಲು ಹೇಳಿದೆ. ಪೂರ್ತಿ ಬರಹವನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳುವುದು. ಜೊತೆಗಿದ್ದವರಷ್ಟು ಚೆನ್ನಾಗಿ ಬೇರೆ ಯಾರೂ ಇದನ್ನು ಪರೀಕ್ಷಿಸಲಾರರು. ನೂಲಿನ ಪುಟ ಬಂದಾಗ ತಾಯಿ ಏನೂ ಅನ್ನಲಿಲ್ಲವಂತೆ. ಊಟದ ಸಾಲು ಬಂದಾಗ ಮಾತ್ರ ತಡೆದರು. ಹೋಟೆಲಿನ ಕಾಲದಲ್ಲಿ ಮೂರೂವರೆ ಸರಿ. ಕ್ಯಾಂಟೀನ್ ಶುರು ಮಾಡಿದ ಮೇಲೆ ನಾಲ್ಕು ಗಂಟೆ ಆಗುತ್ತಿತ್ತು, ಮೂರೂವರೆಗೆ ಆಫೀಸಿನವರಿಗೆ ಚಹಾ ಕಳಿಸಬೇಕಿತ್ತಲ್ಲ, ಅಂದರು. ಮಗಳು ಆ ವಾಕ್ಯವನ್ನು ಸೇರಿಸಿದರು, ಚಹಾದ ಕಾರಣದ ಸಮೇತ. ಬರಹ ಈ ಸಲದ ಸಂಚಿಕೆಯಲ್ಲಿ ಬರುತ್ತದೆ.

ನಮಸ್ಕಾರ.