ಚೇಳು ಕುಟುಕಿದ ಮಗು ಅಳು ನಿಲ್ಲಿಸ್ತು ಅಂದ್ರೆ ಅಪಾಯ ಹೋಯ್ತು ಅಂತಲ್ಲ

[ದೃಶ್ಯ: ಬಾಗಿಲ ಪಕ್ಕ ಬಿಟ್ಟಿರೋ ಮಕ್ಕಳ ಶೂ]

ನಮಸ್ಕಾರ ಎಲ್ಲರಿಗೂ. ಇವತ್ತು ಚೇಳಿನ ಬಗ್ಗೆ ಮಾತಾಡೋಣ, ಅದ್ರಲ್ಲೂ ಮನೆ ಒಳಗೆ ಸಣ್ಣ ಮಗುಗೆ ಚೇಳು ಕುಟುಕಿದಾಗ ಮೊದಲ ಕೆಲವು ಗಂಟೆ ನಾವು ಏನನ್ನ ಗಮನಿಸ್ಬೇಕು ಅನ್ನೋದರ ಬಗ್ಗೆ. ಯಾಕಂದ್ರೆ ಎಲ್ಲರೂ ನೋವು ಎಷ್ಟಿದೆ ಅಂತ ಕೇಳ್ತಾರೆ, ಬೆವರು ಬರ್ತಿದ್ಯಾ ಅಂತ ಯಾರೂ ನೋಡಲ್ಲ.

ಹೀಗೆ ಅಂದ್ಕೊಳ್ಳಿ. ರಾತ್ರಿ 9:10. ಆರು ವರ್ಷದ ಹುಡುಗ, 18 ಕೆಜಿ ತೂಕ, ಶೂ ಒಳಗೆ ಕಾಲು ಹಾಕ್ದ, ಹಾಕಿದ ತಕ್ಷಣ ಕಿರುಚ್ಕೊಂಡ. ಶೂ ಕೊಡವಿದ್ರೆ ಕೆಂಪು ಕಂದು ಬಣ್ಣದ ಒಂದು ಸಣ್ಣ ಚೇಳು ಬಿತ್ತು, ಆರೇಳು ಸೆಂಟಿಮೀಟರ್ ಇರ್ಬೇಕು ಅಷ್ಟೇ. ಹುಡುಗ ಜೋರಾಗಿ ಅತ್ತ, ಮನೆಯವರು ಕಾಲು ತೊಳೆದ್ರು, ಸಮಾಧಾನ ಮಾಡಿದ್ರು, 9:40ರ ಹೊತ್ತಿಗೆ ಅಳು ನಿಂತು ಸುಮ್ನೆ ಮಲ್ಕೊಂಡ. ಎಲ್ಲರೂ ನಿಟ್ಟುಸಿರು ಬಿಟ್ರು. ಆದ್ರೆ ಅಂಗಿ ಪೂರ್ತಿ ಒದ್ದೆ, ಹಣೆ ಮೇಲೆ ನೀರು ಸುರಿದ ಹಾಗೆ ಬೆವರು. ಒಂದ್ಸಲ ವಾಂತಿ ಮಾಡ್ದ. ಅಂಗೈ ಅಂಗಾಲು ಮುಟ್ಟಿದ್ರೆ ತಣ್ಣಗೆ.

ಇಲ್ಲಿ ಒಂದು ನಿಮಿಷಾನೂ ಕಾಯೋ ಹಾಗಿಲ್ಲ, ಆಗಲೇ ಆಸ್ಪತ್ರೆಗೆ ಹೊರಡ್ಬೇಕು.

[ಸ್ಕ್ರೀನ್ ಮೇಲೆ: ಬೆವರು, ವಾಂತಿ, ತಣ್ಣಗಿನ ಕೈಕಾಲು]

ಯಾಕೆ ಅಂತ ಹೇಳ್ತೀನಿ. ನಮ್ಮ ನರಗಳಲ್ಲಿ ಸೋಡಿಯಂ ಒಳಗೆ ಬರೋಕೆ ಸಣ್ಣ ಸಣ್ಣ ಬಾಗಿಲು ಥರ ದಾರಿ ಇರ್ತವೆ, ತೆಗೆದು ತಕ್ಷಣ ಮುಚ್ಕೋಬೇಕು. ಕೆಂಪು ಚೇಳಿನ ವಿಷ ಅವು ಮುಚ್ಕೊಳ್ಳದ ಹಾಗೆ ಮಾಡುತ್ತೆ. ನರಗಳು ಸುಮ್ನೆ ಸಿಗ್ನಲ್ ಕಳಿಸ್ತಾನೇ ಇರ್ತವೆ, ಮೊದಲು ಬೆವರು, ಜೊಲ್ಲು, ವಾಂತಿ, ಗಂಡು ಮಕ್ಕಳಲ್ಲಿ ಜನನಾಂಗ ತಾನಾಗೇ ಗಟ್ಟಿಯಾಗೋದು, ಇದನ್ನ ಹೇಳ್ಕೊಳ್ಳೋಕೆ ಮುಜುಗರ ಪಡ್ಬೇಡಿ, ಡಾಕ್ಟರ್‌ಗೆ ಇದು ತುಂಬಾ ಮುಖ್ಯವಾದ ಸುಳಿವು. ಆಮೇಲೆ ಅಡ್ರಿನಲಿನ್ ಥರದ ಹಾರ್ಮೋನ್ ಮೈಗೆಲ್ಲ ಸುರಿಯುತ್ತೆ, ರಕ್ತನಾಳಗಳು ಬಿಗಿಯಾಗ್ತವೆ, ಅದಕ್ಕೇ ಕೈಕಾಲು ತಣ್ಣಗಾಗೋದು. ಬಿಪಿ ಏರುತ್ತೆ, ಹೃದಯ ಆ ಒತ್ತಡದ ವಿರುದ್ಧ ಹೊಡ್ಕೊಂಡು ಹೊಡ್ಕೊಂಡು ಸೋಲುತ್ತೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳುತ್ತೆ. ಆಗ ಕೆಮ್ಮು, ಏದುಸಿರು, ಗುಲಾಬಿ ಬಣ್ಣದ ನೊರೆ. ಇದು ಕುಟುಕಿದ ಸ್ವಲ್ಪ ಹೊತ್ತಲ್ಲೇ ಬರಬಹುದು, ಕೆಲವು ಗಂಟೆ ಬಿಟ್ಟೂ ಬರಬಹುದು.

ಮೈಯೆಲ್ಲ ವಿಷ ಏರಿದ ಮಗುಗೆ ಕುಟುಕಿದ ಜಾಗದಲ್ಲಿ ನೋವು ಕಮ್ಮಿ ಇರೋದೂ ಉಂಟು, ತಾಯಂದಿರು ಮೋಸ ಹೋಗೋದೇ ಇಲ್ಲಿ.

ಸರಿ, ಮೊದಲ ಹತ್ತು ನಿಮಿಷ ಏನ್ ಮಾಡ್ಬೇಕು. ಚೇಳಿಂದ ಮಗುನ ದೂರ ಕರ್ಕೊಂಡು ಹೋಗಿ, ಗಡಿಯಾರ ನೋಡಿ ಟೈಮ್ ನೆನಪಲ್ಲಿಟ್ಕೊಳ್ಳಿ, ಆಸ್ಪತ್ರೇಲಿ ಮೊದಲು ಕೇಳೋ ಪ್ರಶ್ನೆ ಇದೇ. ಸೋಪು ನೀರಲ್ಲಿ ಜಾಗ ತೊಳೀರಿ. ಕೈಗಾದ್ರೆ ಉಂಗುರ ಬಳೆ ತೆಗೀರಿ. ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಡಿ, ತೆಗೀರಿ, ಮತ್ತೆ ಇಡಿ, ಐಸ್ ನೇರವಾಗಿ ಚರ್ಮಕ್ಕೆ ಬೇಡ. ಮಗುನ ಓಡಾಡೋಕೆ ಬಿಡ್ಬೇಡಿ, ಎತ್ಕೊಳ್ಳಿ. ವಾಂತಿ ಇದ್ರೆ ಬಾಯಿಗೆ ಏನೂ ಹಾಕ್ಬೇಡಿ, ಒಂದು ಮಗ್ಗುಲಿಗೆ ಮಲಗಿಸಿ.

ಹಗ್ಗ ಕಟ್ಟೋದು, ಬ್ಲೇಡಲ್ಲಿ ಕೊಯ್ಯೋದು, ಬಾಯಲ್ಲಿ ಹೀರೋದು, ಏನೋ ತೇದು ಹಚ್ಚೋದು, ಇವೆಲ್ಲ ಬೇಡ್ವೇ ಬೇಡ. ವಿಷ ಆಗಲೇ ಒಳಗೆ ಹೋಗಿರುತ್ತೆ, ಕಟ್ಟಿದ್ರೆ ಕಾಲಿಗೆ ರಕ್ತ ನಿಲ್ಲುತ್ತೆ ಅಷ್ಟೇ, ಕೊಯ್ದ್ರೆ ಇನ್ನೊಂದು ಗಾಯ. ಮತ್ತೆ ಇದರಲ್ಲೆಲ್ಲ ಕಳೆಯೋದು ಆ ಅರ್ಧ ಗಂಟೆ, ಅದೇ ನಿಜವಾದ ನಷ್ಟ.

ಚೇಳನ್ನ ಹಿಡ್ಕೊಂಡು ಹೋಗೋ ಸಾಹಸಾನೂ ಬೇಡ, ದೂರದಿಂದ ಒಂದು ಫೋಟೋ ಸಾಕು, ಅದೂ ಆದ್ರೆ ಮಾತ್ರ. ಕೊಂಡಿ ಇರೋ ಬಾಲ ದಪ್ಪ, ಮುಂದಿನ ಇಕ್ಕಳದ ಥರದ ಕೈ ಸಣಕಲು ಇದ್ರೆ ಸಾಮಾನ್ಯವಾಗಿ ಅದು ಹೆಚ್ಚು ಅಪಾಯದ ಗುಂಪು. ಕೈ ದಪ್ಪ ಇರೋ ದೊಡ್ಡ ಕರಿ ಚೇಳು ನೋಡೋಕೆ ಭಯ ಹುಟ್ಸುತ್ತೆ, ಅದರ ವಿಷ ಸಾಮಾನ್ಯವಾಗಿ ಅಷ್ಟು ಜೋರಿಲ್ಲ. ಆದ್ರೆ ಇದನ್ನ ನಂಬ್ಕೊಂಡು ಮಗುನ ಮನೇಲಿ ಇಟ್ಕೋಬೇಡಿ.

[ದೃಶ್ಯ: ಆಸ್ಪತ್ರೆ ಬಾಗಿಲು]

ಯಾರು ಹೋಗ್ಬೇಕು ಅಂದ್ರೆ, ಸಣ್ಣ ಮಕ್ಕಳು ಲಕ್ಷಣ ಇರ್ಲಿ ಬಿಡ್ಲಿ ಹೋಗ್ಲೇಬೇಕು. ಗರ್ಭಿಣಿಯರು, ವಯಸ್ಸಾದವರು, ಹಾರ್ಟ್ ತೊಂದ್ರೆ ಇರೋರೂ ಅಷ್ಟೇ. ಆರೋಗ್ಯವಾಗಿರೋ ದೊಡ್ಡವರಿಗೆ ಬರೀ ಆ ಜಾಗದಲ್ಲಿ ಉರಿ, ಜುಮ್ಮು ಇದ್ದು ಬೇರೇನೂ ಇಲ್ಲ ಅಂದ್ರೆ ಐಸ್, ಪ್ಯಾರಾಸಿಟಮಾಲ್ ಸಾಕಾಗಬಹುದು, ಆದ್ರೆ ಒಬ್ಬರು ಜೊತೇಲಿ ಇದ್ದು ನೋಡ್ಕೋತಾ ಇರ್ಬೇಕು. ಬೆವರು, ವಾಂತಿ, ತಣ್ಣಗಿನ ಕೈಕಾಲು, ಎದೆ ಬಡಿತ, ಉಸಿರಿನ ತೊಂದ್ರೆ, ಮುಖ ಊದ್ಕೊಳ್ಳೋದು, ಕಣ್ಣುಗುಡ್ಡೆ ಎಲ್ಲೆಲ್ಲೋ ತಿರುಗೋದು, ಕೈಕಾಲು ತಾನಾಗೇ ಎಗರೋದು, ಇದರಲ್ಲಿ ಒಂದು ಕಂಡ್ರೂ ಹೊರಡಿ. ಕೊನೇವೆರಡು ಅಮೆರಿಕಾ ಕಡೆಯ ಕೆಲವು ಚೇಳುಗಳಲ್ಲಿ ಹೆಚ್ಚು ಕಾಣ್ತವೆ.

ಆಸ್ಪತ್ರೇಲಿ ಕೆಂಪು ಚೇಳಿಗೆ ಕೊಡೋ ಮುಖ್ಯ ಔಷಧಿ ಪ್ರಾಜೋಸಿನ್, ಮೂಲತಃ ಬಿಪಿ ಮಾತ್ರೆ. ಬಿಗಿಯಾದ ರಕ್ತನಾಳಗಳನ್ನ ಸಡಿಲ ಮಾಡಿ ಹೃದಯದ ಮೇಲಿನ ಭಾರ ಇಳಿಸುತ್ತೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಕೆಲಸ ಮಾಡಿದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಇದನ್ನ ಚೇಳಿನ ವಿಷಕ್ಕೆ ಬಳಸಿ ತೋರಿಸಿದ್ರು, ಅದಕ್ಕೂ ಮುಂಚೆ ವಿಷ ಏರಿದವರಲ್ಲಿ ತುಂಬಾ ಜನ ಉಳೀತಿರಲಿಲ್ಲ, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಡೋಸ್ ಕೆಜಿಗೆ 30 ಮೈಕ್ರೋಗ್ರಾಂ ಲೆಕ್ಕ, ನಮ್ಮ 18 ಕೆಜಿ ಹುಡುಗನಿಗೆ 540, ಅಂದ್ರೆ ಹತ್ತಿರ ಹತ್ತಿರ ಅರ್ಧ ಮಿಲಿಗ್ರಾಂ. ಕೈಕಾಲು ಬೆಚ್ಚಗಾಗೋವರೆಗೂ ಕೆಲವು ಗಂಟೆಗೊಮ್ಮೆ ಕೊಡ್ತಾರೆ. ಲೆಕ್ಕ ಹೇಳ್ದೆ ಅಂತ ದಯವಿಟ್ಟು ಮನೇಲಿ ಕೊಡ್ಬೇಡಿ, ಬಿಪಿ ಧಡ್ ಅಂತ ಬಿದ್ದುಹೋಗಬಹುದು, ಅದಕ್ಕೇ ಅಲ್ಲಿ ಮಗುನ ಮಲಗಿಸೇ ಇಟ್ಟಿರ್ತಾರೆ. ಚೇಳಿನ ವಿಷಕ್ಕೆ ಪ್ರತಿವಿಷ ಇಂಜೆಕ್ಷನ್ ಕೂಡ ಇದೆ, ಇದ್ರೆ ಜೊತೇಲಿ ಕೊಡ್ತಾರೆ. ಮಗು ಚೆನ್ನಾಗಿ ಕಂಡ್ರೂ ಒಂದು ದಿನ ಅಲ್ಲೇ ಇರಿ ಅಂದ್ರೆ ಹಟ ಮಾಡಿ ಡಿಸ್ಚಾರ್ಜ್ ಮಾಡಿಸ್ಕೋಬೇಡಿ.

[ದೃಶ್ಯ: ಕತ್ತಲ ಕೋಣೆ, ಗೋಡೆ ಮೇಲೆ ಹಸಿರಾಗಿ ಹೊಳೆಯೋ ಚೇಳು]

ಇನ್ನು ಮನೆ ವಿಷಯ. ಚೇಳಿಗೆ ಬೆನ್ನಿಗೂ ಹೊಟ್ಟೆಗೂ ಏನಾದ್ರೂ ತಾಗ್ತಿದ್ರೇನೇ ನೆಮ್ಮದಿ, ಅದಕ್ಕೆ ಕಿರಿದಾದ ಸಂದಿ ಹುಡುಕುತ್ತೆ. ಶೂ ಒಳಗೆ, ನೆಲದ ಮೇಲೆ ಬಿದ್ದಿರೋ ಬಟ್ಟೆ, ಕಾಲೊರೆಸೋ ಮ್ಯಾಟ್ ಅಡಿ, ಸೌದೆ ಇಟ್ಟಿಗೆ ರಾಶಿ, ಗೋಡೆ ಬಿರುಕು, ಹೆಂಚಿನ ಸಂದು, ಬಚ್ಚಲಿನ ತಂಪು ಮೂಲೆ. ಜಿರಳೆ ಜಾಸ್ತಿ ಇರೋ ಮನೆ ಅದಕ್ಕೆ ಊಟದ ಮನೆ. ಹಾಗಾಗಿ ಹಾಸಿಗೇನ ಗೋಡೆಯಿಂದ ಸ್ವಲ್ಪ ಈಚೆ ಎಳೀರಿ, ಹೊದಿಕೆ ನೆಲಕ್ಕೆ ತಾಗದ ಹಾಗೆ ಮಡಚಿ, ಬಾಗಿಲ ಕೆಳಗಿನ ಸಂದಿ ಮುಚ್ಚಿ, ಶೂ ಕೊಡವಿ ಹಾಕ್ಕೊಳ್ಳಿ.

ಹುಡುಕೋಕೆ ಯುವಿ ಟಾರ್ಚ್ ಒಂದು ತಗೊಳ್ಳಿ. ಕತ್ತಲಲ್ಲಿ ಬಿಟ್ರೆ ಚೇಳು ಹಸಿರು ನೀಲಿಯಾಗಿ ಎದ್ದು ಕಾಣುತ್ತೆ. ಆಗಷ್ಟೇ ಪೊರೆ ಬಿಟ್ಟಿರೋ ಚೇಳು ಮಾತ್ರ ಸರಿಯಾಗಿ ಹೊಳೆಯಲ್ಲ, ಸಂದಿ ಒಳಗಿರೋದಂತೂ ಕಾಣೋದೇ ಇಲ್ಲ. ಸಿಕ್ಕಿದ್ರೆ ಉದ್ದನೆ ಇಕ್ಕಳದಲ್ಲಿ ಹಿಡೀರಿ, ಇಲ್ಲ ಗಾಜಿನ ಬಾಟ್ಲಿ ಮುಚ್ಚಿ ಅಡಿಗೆ ಗಟ್ಟಿ ರಟ್ಟು ತೂರಿಸಿ, ನುಣುಪಾದ ಗಾಜು ಅದಕ್ಕೆ ಹತ್ತೋಕಾಗಲ್ಲ. ತಾಯಿ ಚೇಳು ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡೇ ಓಡಾಡುತ್ತೆ, ಹೊಡೆದಾಗ ಅವು ಚದುರಿ ಹೋಗ್ತವೆ. ಅದಕ್ಕೆ ಒಂದು ಸಿಕ್ತು ಅಂತ ಅಲ್ಲಿಗೆ ಬಿಡ್ಬೇಡಿ, ಅದೇ ರಾತ್ರಿ ಟಾರ್ಚ್ ಹಿಡ್ಕೊಂಡು ಆ ಕೋಣೆ ಮೂಲೆ ಮೂಲೆ ನೋಡಿ, ನಾಲ್ಕೈದು ರಾತ್ರಿ ಬಿಡದೆ ನೋಡಿ.